ಮಾತ್ರೆ ಶುರುವಾಗಿ 12 ದಿನ, ಮನಸ್ಸು ಇನ್ನೂ ಹಾಗೇ ಇದೆ

ಪ್ರಶ್ನೆ: ಡಾಕ್ಟ್ರೇ, ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ನನಗೆ 44 ವರ್ಷ. ಮೂರು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ಬೆಳಗಿನ ಜಾವ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಕಣದಲ್ಲಿ ಕಾಫಿ ಒಣಗಲು ಹಾಕಿದ್ದನ್ನೂ ನೋಡಲು ಹೋಗ್ತಿಲ್ಲ. ಡಿಪ್ರೆಶನ್ ಅಂತ ಎಸ್ಸಿಟಾಲೋಪ್ರಾಮ್ 10 ಎಂಜಿ ಕೊಟ್ಟಿದ್ದಾರೆ. 12 ದಿನ ಆಯ್ತು, ಹೊಟ್ಟೆ ತೊಳಸೋದು ಬಿಟ್ರೆ ಬೇರೇನೂ ಆಗಿಲ್ಲ. ಮೆದುಳಲ್ಲಿ ಸಿರೊಟೋನಿನ್ ಕಮ್ಮಿ ಆಗಿದೆ, ಮಾತ್ರೆ ತುಂಬಿಸುತ್ತೆ ಅಂದಿದ್ರು. ಹಾಗಾದ್ರೆ ಇಷ್ಟರಲ್ಲಿ ಗೊತ್ತಾಗಬೇಕಿತ್ತಲ್ವಾ? ನಮ್ಮ ಭಾವ ಡೋಪಮೈನ್ ಮಾತ್ರೆ ಕೇಳು ಅಂತಾರೆ. ಇದನ್ನ ನಿಲ್ಲಿಸಲಾ?

ಉತ್ತರ: ನಿಲ್ಲಿಸಬೇಡಿ. ಮಾತ್ರೆ ಮೊದಲ ದಿನವೇ ಕೆಲಸ ಶುರು ಮಾಡಿದೆ. ಮನಸ್ಸಿಗೆ ಅದು ತಿಳಿಯಲು ಮಾತ್ರ ವಾರಗಳು ಬೇಕು. ಈ ಅಂತರ ಯಾಕೆ ಅಂತ ಅರ್ಥವಾದರೆ ಕಾಯುವುದು ಸ್ವಲ್ಪ ಹಗುರವಾಗುತ್ತದೆ, ಅದಕ್ಕೇ ವಿವರವಾಗಿ ಹೇಳುತ್ತೇನೆ.

ಮೆದುಳಿನ ಒಂದು ನರಕೋಶ ಇನ್ನೊಂದಕ್ಕೆ ತಾಗಿಕೊಂಡಿರುವುದಿಲ್ಲ. ನಡುವೆ ಚಿಕ್ಕ ಸಂದು ಇರುತ್ತದೆ, ಒಂದು ಮಿಲಿಮೀಟರನ್ನು 50,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಆ ಜೋಡಣೆಯ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ಮೊದಲ ಕೋಶ ಸಿರೊಟೋನಿನ್ ಅನ್ನು ಸಂದಿಗೆ ಬಿಡುತ್ತದೆ. ಅದು ಆಚೆ ಕೋಶದ ಗ್ರಾಹಕಗಳಿಗೆ ಅಂಟಿ ಸಂದೇಶ ಮುಟ್ಟಿಸುತ್ತದೆ. ಆಮೇಲೆ ಬಿಟ್ಟ ಕೋಶವೇ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಳ್ಳುವ ಪ್ರೋಟೀನಿಗೆ ಟ್ರಾನ್ಸ್‌ಪೋರ್ಟರ್ ಎಂದು ಹೆಸರು. ನಿಮ್ಮ ಮಾತ್ರೆ ಹೋಗಿ ಕೂರುವುದು ಈ ಟ್ರಾನ್ಸ್‌ಪೋರ್ಟರ್ ಮೇಲೆ. ಅಂದರೆ ಮಾತ್ರೆಯೊಳಗೆ ಸಿರೊಟೋನಿನ್ ಇಲ್ಲ, ಅದು ಏನನ್ನೂ ತುಂಬಿಸುವುದಿಲ್ಲ. ಇರುವುದು ಬೇಗ ವಾಪಸ್ ಹೋಗದಂತೆ ತಡೆಯುತ್ತದೆ, ಅಷ್ಟೇ. ಈ ತಡೆ ಮೊದಲ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಬೀಳುತ್ತದೆ.

ಹಾಗಾದರೆ ತಡ ಯಾಕೆ? ಸಿರೊಟೋನಿನ್ ಮಾಡುವ ಕೋಶಗಳು ಮೆದುಳಿನ ಬುಡದಲ್ಲಿ, ರಾಫೆ ಎನ್ನುವ ಜಾಗದಲ್ಲಿ ಗುಂಪಾಗಿವೆ. ಅಲ್ಲಿಂದ ಅವುಗಳ ಎಳೆಗಳು ಇಡೀ ಮೆದುಳಿಗೆ ಹರಡುತ್ತವೆ. ಈ ಕೋಶಗಳ ಮೈಮೇಲೇ ಸಿರೊಟೋನಿನ್ ಎಷ್ಟಿದೆ ಎಂದು ನೋಡುವ ಗ್ರಾಹಕಗಳಿವೆ. ಟ್ಯಾಂಕಿನ ಫ್ಲೋಟ್ ವಾಲ್ವ್ ಇದ್ದ ಹಾಗೆ: ಮಟ್ಟ ಏರಿದರೆ ಒಳಬರುವ ನೀರನ್ನು ಮುಚ್ಚುತ್ತದಲ್ಲ, ಅದೇ ಕೆಲಸ. ಮಾತ್ರೆಯಿಂದ ರಾಫೆಯಲ್ಲಿ ಸಿರೊಟೋನಿನ್ ಏರುತ್ತಲೇ ಈ ಗ್ರಾಹಕಗಳು ‘ಜಾಸ್ತಿ ಆಯಿತು’ ಎಂದು ಕೋಶದ ಚಟುವಟಿಕೆಯನ್ನೇ ತಗ್ಗಿಸಿಬಿಡುತ್ತವೆ. ಒಂದು ಕಡೆ ವಾಪಸಾತಿ ನಿಂತಿದೆ, ಇನ್ನೊಂದು ಕಡೆ ಬಿಡುಗಡೆಯೂ ಇಳಿದಿದೆ. ಹಾಗಾಗಿ ದೂರದ ಸಿನಾಪ್ಸ್‌ಗಳಲ್ಲಿ ಶುರುವಿನಲ್ಲಿ ಹೆಚ್ಚಿನ ಲಾಭ ಇಲ್ಲ.

ದಿನಾ ಮಾತ್ರೆ ಹೋಗುತ್ತಿದ್ದರೆ ಎರಡು ಮೂರು ವಾರದಲ್ಲಿ ಆ ಗ್ರಾಹಕಗಳು ಮಂಕಾಗುತ್ತವೆ. ಕೋಶಗಳು ಮತ್ತೆ ಮೊದಲಿನ ವೇಗಕ್ಕೆ ಬರುತ್ತವೆ, ವಾಪಸಾತಿಯ ತಡೆ ಮಾತ್ರ ಹಾಗೇ ಇರುತ್ತದೆ. ಸಿನಾಪ್ಸ್‌ನಲ್ಲಿ ಸಿರೊಟೋನಿನ್ ನಿಜವಾಗಿ ಏರುವುದು ಆಗ. ಇದನ್ನು ಹೆಚ್ಚಾಗಿ ಪ್ರಾಣಿಗಳಲ್ಲಿ ನೋಡಿ ತಿಳಿದಿರುವುದು. ಆ ಗ್ರಾಹಕವನ್ನು ತಡೆಯುವ ಪಿಂಡೊಲಾಲ್ ಎಂಬ ಬಿಪಿ ಔಷಧಿಯನ್ನು ಜೊತೆಗೆ ಕೊಟ್ಟು ನೋಡಿದ್ದಾರೆ. ಕೆಲವು ಅಧ್ಯಯನಗಳಲ್ಲಿ ರೋಗಿಗಳು ಬೇಗ ಚೇತರಿಸಿಕೊಂಡರು, ಕೆಲವದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಫ್ಲೋಟ್ ಕಥೆ ಪೂರ್ತಿ ಕಥೆಯಲ್ಲ. ನರಕೋಶಗಳ ಜೋಡಣೆಗಳೇ ನಿಧಾನವಾಗಿ ಬದಲಾಗುವುದೂ ಇದರಲ್ಲಿ ಸೇರಿದೆ ಎಂದು ಹಲವರ ಅಭಿಪ್ರಾಯ, ನನ್ನದೂ ಅದೇ.

ಇನ್ನು ‘ಸಿರೊಟೋನಿನ್ ಕಮ್ಮಿ’ ಅನ್ನುವ ಮಾತು. ನಾವು ವೈದ್ಯರು ಇದನ್ನು ಬಳಸುವುದು ಬಿಡಬೇಕು. ನಿಮ್ಮ ಮೆದುಳಿನ ಸಿರೊಟೋನಿನ್ ಅನ್ನು ಯಾರೂ ಅಳೆದಿಲ್ಲ. ಡಿಪ್ರೆಶನ್ ಗುರುತಿಸಲು ಅಂಥ ರಕ್ತಪರೀಕ್ಷೆಯೂ ಇಲ್ಲ. ಸಿರೊಟೋನಿನ್ ತಯಾರಾಗುವುದು ಟ್ರಿಪ್ಟೊಫಾನ್ ಎಂಬ ಆಹಾರದ ಅಂಶದಿಂದ. ಎಂದೂ ಡಿಪ್ರೆಶನ್ ಬಾರದ ಆರೋಗ್ಯವಂತರಲ್ಲಿ ಇದನ್ನು ತಾತ್ಕಾಲಿಕವಾಗಿ ಇಳಿಸಿ ನೋಡಿದಾಗ ಬಹುತೇಕರಿಗೆ ಏನೂ ಆಗಲಿಲ್ಲ. ಆದರೆ ಇಂಥ ಮಾತ್ರೆಗಳಿಂದ ಗುಣವಾಗಿದ್ದ ಹಲವರಲ್ಲಿ ಅದೇ ಪ್ರಯೋಗ ಮಾಡಿದಾಗ ಕೆಲವೇ ಗಂಟೆಗಳಲ್ಲಿ ಬೇಸರ ಮರಳಿತು. ಕೊರತೆಯೇ ಕಾಯಿಲೆ ಅಲ್ಲ, ಆದರೆ ಈ ಮಾತ್ರೆಯ ಗುಣ ಸಿರೊಟೋನಿನ್ ದಾರಿಯಲ್ಲೇ ಬರುತ್ತದೆ ಎಂದು ಇದರಿಂದ ತಿಳಿಯುತ್ತದೆ.

ಹೊಟ್ಟೆ ತೊಳಸುವುದಕ್ಕೂ ಕಾರಣ ಇಲ್ಲೇ ಇದೆ. ದೇಹದ ಸಿರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ಇರುವುದು ಕರುಳಿನಲ್ಲಿ. ಮಾತ್ರೆ ಅಲ್ಲಿಯೂ ವಾಪಸಾತಿ ತಡೆಯುತ್ತದೆ, ಅದೂ ಮೊದಲ ದಿನದಿಂದ. ಹಾಗಾಗಿ ತೊಂದರೆ ಮೊದಲು, ಗುಣ ಆಮೇಲೆ. ತೊಳಸುವುದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಬೆಳಿಗ್ಗೆ ತಿಂಡಿ ಆದಮೇಲೆ ನುಂಗಿ.

ನಿಮ್ಮ ಲೆಕ್ಕ ಹಾಕೋಣ. ಎಸ್ಸಿಟಾಲೋಪ್ರಾಮ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 30 ಗಂಟೆ ಬೇಕು. ಹಾಗಾಗಿ ರಕ್ತದಲ್ಲಿ ಅದರ ಮಟ್ಟ ಒಂದು ಕಡೆ ನಿಲ್ಲಲು ಒಂದು ವಾರ. ಅಂದರೆ ಮಾತ್ರೆ ಪೂರ್ತಿ ಮಟ್ಟದಲ್ಲಿರುವುದು ನಿಮಗೆ ಬರೀ ಐದಾರು ದಿನದಿಂದ. ಮೂರನೇ ವಾರದಲ್ಲಿ ನಿದ್ದೆ, ಹಸಿವು ಸ್ವಲ್ಪ ಸುಧಾರಿಸಬಹುದು. ‘ಇವತ್ತು ಕಣದ ಕಡೆ ಹೋಗಿ ಬಂದ್ರಲ್ಲ’ ಎಂದು ಮನೆಯವರು ನಿಮಗಿಂತ ಮೊದಲೇ ಗಮನಿಸುವುದುಂಟು. ನಾಲ್ಕು ವಾರ ಕಳೆದರೂ ಎಳ್ಳಷ್ಟೂ ವ್ಯತ್ಯಾಸ ಇಲ್ಲದಿದ್ದರೆ ಡೋಸ್ ಅಥವಾ ಔಷಧಿ ಬದಲಿಸುವ ಮಾತು ಬರುತ್ತದೆ. ನೀವಾಗಿಯೇ ಎರಡು ಮಾತ್ರೆ ನುಂಗಬೇಡಿ. ಮಾಮೂಲಿ ಡೋಸ್‌ನಲ್ಲೇ ನೂರಕ್ಕೆ ಹೆಚ್ಚುಕಡಿಮೆ 80 ಪಾಲು ಟ್ರಾನ್ಸ್‌ಪೋರ್ಟರ್ ಮುಚ್ಚಿರುತ್ತದೆ. ಡೋಸ್ ಎರಡರಷ್ಟಾದರೆ ಗುಣ ಎರಡರಷ್ಟಾಗುವುದಿಲ್ಲ.

ನಿಮ್ಮ ಭಾವ ಕೇಳಿದ್ದು ತಪ್ಪಲ್ಲ. ಡೋಪಮೈನ್ ವಾಪಸಾತಿಯನ್ನು ತಡೆಯುವ ಬುಪ್ರೊಪಿಯಾನ್ ಎಂಬ ಮಾತ್ರೆ ಇದೆ, ಡಿಪ್ರೆಶನ್‌ಗೂ ಕೊಡುತ್ತೇವೆ. ಆದರೆ ಅದಕ್ಕೂ ವಾರಗಳೇ ಬೇಕು. ಫಿಟ್ಸ್ ಬರುವವರಿಗೆ ಅದು ಆಗದು. ತುಂಬಾ ಕುಡಿಯುತ್ತಿದ್ದು ಥಟ್ಟನೆ ಬಿಟ್ಟವರಿಗೂ ಅಪಾಯ. ನೀವು ಕುಡಿಯುವವರಾದರೆ ಎಷ್ಟು ಎಂದು ವೈದ್ಯರಿಗೆ ಮುಚ್ಚಿಡದೆ ಹೇಳಿ.

ಕೊಯ್ಲಿನ ಸಮಯದಲ್ಲಿ ಸೊಂಟ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೇನ್ ನುಂಗುವುದು ತೋಟದಲ್ಲಿ ಮಾಮೂಲು. ನಿಮ್ಮ ಮಾತ್ರೆಯ ಜೊತೆ ಅವು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಟ್ರಮಡಾಲ್ ಅಂತೂ ಬೇಡವೇ ಬೇಡ, ಅದು ಕೂಡ ಸಿರೊಟೋನಿನ್ ಏರಿಸುತ್ತದೆ. ಎರಡೂ ಸೇರಿ ನಡುಕ, ಜ್ವರ, ವಿಪರೀತ ಬೆವರು, ಗೊಂದಲ ಬರಬಹುದು. ಕೂತಲ್ಲಿ ಕೂರಲಾಗದ ಚಡಪಡಿಕೆ ಅಥವಾ ಸಾಯುವ ಯೋಚನೆ ಬಂದರೆ ಮುಂದಿನ ಭೇಟಿಗೆ ಕಾಯದೆ ಅದೇ ದಿನ ವೈದ್ಯರಿಗೆ ಹೇಳಿ. ರಾತ್ರಿಯಾದರೂ 14416ಕ್ಕೆ ಫೋನ್ ಮಾಡಬಹುದು, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ.

ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಯುತ್ತದೆ, ಆಮೇಲೆ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಥಟ್ಟನೆ ಬಿಟ್ಟರೆ ಎರಡು ಮೂರು ದಿನದಲ್ಲಿ ತಲೆಸುತ್ತು, ಸಿಡುಕು, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ ಶುರುವಾಗಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮಳೆಗೆ ಮರ ಬಿದ್ದು ರಸ್ತೆ ಬಂದ್ ಆಗುವುದು ಗೊತ್ತೇ ಇದೆ. ಮೇ ಕೊನೆಯ ಭೇಟಿಯಲ್ಲೇ ಕೇಳಿ, ಒಂದು ತಿಂಗಳಿಗಾಗುವಷ್ಟು ಮಾತ್ರೆ ಹೆಚ್ಚಿಗೆ ಬರೆಸಿಕೊಳ್ಳಿ.