ಹಿಮೋಗ್ಲೋಬಿನ್ 12.2 ಇದ್ದರೂ ತಲೆ ಸುತ್ತು, ಕೂದಲು ಉದುರುವಿಕೆ

"ಮುಟ್ಟಿನಲ್ಲಿ ತುಂಬಾ ಹೋಗುತ್ತೆ. ಸುಸ್ತು, ತಲೆ ಸುತ್ತು, ಕೂದಲೂ ಉದುರುತ್ತಿದೆ. ಹಿಮೋಗ್ಲೋಬಿನ್ 12.2 ಇದೆ, ಅಂದರೆ ರಕ್ತ ಕಡಿಮೆ ಇಲ್ಲ. ಕೂದಲಿಗೆ ಬಯೋಟಿನ್ ತಗೊಳ್ಳಲಾ, ಎಣ್ಣೆ ಬದಲಾಯಿಸಲಾ?"

ಎರಡೂ ಬೇಡ. ಆ 12.2 ನೋಡಿ ಸಮಾಧಾನ ಮಾಡಿಕೊಳ್ಳುವುದೂ ಬೇಡ. ನನ್ನದು 12.1 ಇತ್ತು. ಅದನ್ನು ನಂಬಿ ಒಂದೂವರೆ ವರ್ಷ ಸುಮ್ನೆ ಕಳೆದೆ.

ನನಗೆ ಎಂಟು ದಿನ ಮುಟ್ಟು. ಮೊದಲೆರಡು ದಿನ ಎರಡು ಗಂಟೆಗೊಂದು ಪ್ಯಾಡ್, ರೂಪಾಯಿ ನಾಣ್ಯದಷ್ಟು ದೊಡ್ಡ ಹೆಪ್ಪು. "ನಮ್ಮನೆ ಹೆಣ್ಣುಮಕ್ಕಳಿಗೆಲ್ಲ ಹೀಗೇ ಕಣೇ" ಅಂದರು ಅಮ್ಮ. ಬಗ್ಗಿ ಎದ್ದರೆ ಕಣ್ಣು ಕತ್ತಲೆ. ಬಾಚಣಿಗೆ ತುಂಬಾ ಕೂದಲು. ಜೊತೆಗೆ ಅಡುಗೆ ಮಾಡುವಾಗ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಚಟ. ಅದೂ ಕಬ್ಬಿಣಾಂಶ ಕಡಿಮೆ ಆಗಿರುವುದರ ಗುರುತು ಅಂತ ಆಗ ಗೊತ್ತಿರಲಿಲ್ಲ.

ನನ್ನ ತಪ್ಪು ಇಷ್ಟೇ: ಹಿಮೋಗ್ಲೋಬಿನ್ ಒಂದನ್ನೇ ನೋಡಿದೆ. ಹೆಂಗಸರಿಗೆ 12ಕ್ಕಿಂತ ಕಡಿಮೆ ಆದರೆ ರಕ್ತಹೀನತೆ ಅಂತಾರೆ. ನಾನು ಗೆರೆಯ ಮೇಲೆ ನಿಂತು "ಪಾಸ್" ಅಂದುಕೊಂಡೆ. ಆದರೆ ದೇಹ ಮೊದಲು ಖಾಲಿ ಮಾಡುವುದು ಕೂಡಿಟ್ಟ ಕಬ್ಬಿಣವನ್ನು. ಮೂಟೆ ಬರಿದಾಗಿದ್ದರೂ ಇವತ್ತಿನ ಅನ್ನಕ್ಕೆ ಡಬ್ಬಿಯಲ್ಲಿ ಅಕ್ಕಿ ಇರುತ್ತಲ್ಲ, ಹಾಗೆ. ಹಿಮೋಗ್ಲೋಬಿನ್ ತೋರಿಸುವುದು ಡಬ್ಬಿ. ಮೂಟೆಯನ್ನು ತೋರಿಸುವ ಪರೀಕ್ಷೆಯ ಹೆಸರು ಫೆರಿಟಿನ್. ನಾನಾಗೇ ಕೇಳುವವರೆಗೆ ಅದನ್ನು ಯಾರೂ ಬರೆದುಕೊಡಲಿಲ್ಲ. ಮಾಡಿಸಿದರೆ ಬಂದಿದ್ದು 8! 15ಕ್ಕಿಂತ ಕೆಳಗೆ ಇದ್ದರೆ ಕೊರತೆ ಖಂಡಿತ. 30ಕ್ಕಿಂತ ಕೆಳಗಿದ್ದರೇ ಚಿಕಿತ್ಸೆ ಶುರುಮಾಡುವ ವೈದ್ಯರೂ ಇದ್ದಾರೆ. ಒಂದು ಮಾತು, ಜ್ವರ ಅಥವಾ ಸೋಂಕು ಇದ್ದಾಗ ಮಾಡಿಸಬೇಡಿ. ಆಗ ಫೆರಿಟಿನ್ ಸುಳ್ಳೇ ಏರಿರುತ್ತೆ.

ಅದರ ಜೊತೆ ಥೈರಾಯ್ಡ್ ಕೂಡ ನೋಡಿಸಿ. ಅದು ಕೆಟ್ಟರೂ ಮುಟ್ಟು ಜಾಸ್ತಿ ಆಗುತ್ತೆ, ಕೂದಲೂ ಉದುರುತ್ತೆ. ಬಯೋಟಿನ್ ಈಗಾಗಲೇ ತಗೊಳ್ಳುತ್ತಿದ್ದರೆ ಲ್ಯಾಬ್‌ನವರಿಗೆ ಹೇಳಿ, ಥೈರಾಯ್ಡ್ ರಿಪೋರ್ಟನ್ನು ಅದು ಏರುಪೇರು ಮಾಡಬಹುದು.

ನನಗೆ ವೈದ್ಯರು ದಿನ ಬಿಟ್ಟು ದಿನ ಕಬ್ಬಿಣದ ಮಾತ್ರೆ ಕೊಟ್ಟರು. ಮಾತ್ರೆಗೆ ಹಿಂದೆ ಮುಂದೆ ಒಂದೆರಡು ಗಂಟೆ ಕಾಫಿ, ಟೀ ಇಲ್ಲ, ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮಲ ಕಪ್ಪಗಾಗುತ್ತೆ, ಗಾಬರಿ ಬೇಡ. ಹಿಮೋಗ್ಲೋಬಿನ್ ಏರಿದ ಮೇಲೂ ಮೂರು ತಿಂಗಳು ಮುಂದುವರಿಸಿದರು, ಮೂಟೆ ತುಂಬಬೇಕಲ್ಲ.

ಆದರೆ ಸೋರುವ ಕೊಡಕ್ಕೆ ನೀರು ಹಾಕಿ ಏನು ಪ್ರಯೋಜನ? ಸ್ತ್ರೀರೋಗ ವೈದ್ಯರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಿ. ನನಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಸಿಕ್ಕಿತು. ಈಗ ಮುಟ್ಟಿನ ಮೊದಲ ದಿನಗಳಿಗೆ ರಕ್ತಸ್ರಾವ ಕಡಿಮೆ ಮಾಡುವ ಮಾತ್ರೆ ಇದೆ. ಗಂಟೆಗೊಂದು ಪ್ಯಾಡ್ ತೊಯ್ದು ತಲೆ ಸುತ್ತಿ ಬೀಳುವಂತಾದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಹಸಿ ಅಕ್ಕಿ ಚಟ ಎರಡು ವಾರದಲ್ಲೇ ಹೋಯಿತು. ಬೈತಲೆ ಪಕ್ಕ ಮರಿಗೂದಲು ಕಾಣಲು ಐದು ತಿಂಗಳು ಹಿಡಿಯಿತು.