ಥಂಬ್‌ನೇಲ್‌ನಲ್ಲಿ ಕನ್ನಡ ಅಕ್ಷರಕ್ಕೆ ಜಾಗ

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಹಾಕುವ ನನ್ನ ಎಕ್ಸೆಲ್ ಪಾಠಗಳ ಥಂಬ್‌ನೇಲ್ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದೆ, ಮೊಬೈಲ್‌ನಲ್ಲಿ ಶೀರ್ಷಿಕೆ ಓದೋಕೇ ಆಗಲ್ಲ. ಏನು ಮಾಡಲಿ?

ಉತ್ತರ: ಮೊದಲು ಅಕ್ಷರಕ್ಕೆ ಜಾಗ ಬಿಡಿ, ಆಮೇಲೆ ಚಿತ್ರ ಇಡಿ. 1280×720 ಅಳತೆಯಲ್ಲಿ ಎಡಗಡೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಶೀರ್ಷಿಕೆಗೇ ಇರಲಿ. ಬಲಗಡೆ ಒಂದೇ ವಸ್ತು. VLOOKUP ಪಾಠಕ್ಕೆ ಇಡೀ ಶೀಟಿನ ಸ್ಕ್ರೀನ್‌ಶಾಟ್ ಬೇಡ, ಸುಮ್ನೆ ಗಿಜಿಗಿಜಿ. ನಾಲ್ಕೈದು ಸೆಲ್ ಮಾತ್ರ ದೊಡ್ಡದು ಮಾಡಿ, ಒಂದಕ್ಕೆ ಹಳದಿ ತುಂಬಿ. ಬಲಗಡೆಯ ಕೆಳಮೂಲೆ ಖಾಲಿ ಬಿಡಿ, ಯೂಟ್ಯೂಬ್ ಅಲ್ಲಿ ವಿಡಿಯೋದ ಅವಧಿ ತೋರಿಸುತ್ತದೆ.

ಕನ್ನಡಕ್ಕೆ ಒಂದು ತೊಂದರೆ ಜಾಸ್ತಿ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಸಾಲುಗಳನ್ನು ಇಂಗ್ಲಿಷಿನಷ್ಟು ಒತ್ತೊತ್ತಾಗಿ ಇಟ್ಟರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಫಾಂಟ್ ತೀರಾ ದಪ್ಪವಾದರೆ ಅಕ್ಷರದೊಳಗಿನ ಖಾಲಿ ಜಾಗವೇ ಮುಚ್ಚಿಹೋಗುತ್ತದೆ. ಹಾಗಾಗಿ ಪದ ಕಡಿಮೆ ಮಾಡಿ: ‘ಎಕ್ಸೆಲ್‌ನಲ್ಲಿ VLOOKUP ಬಳಸುವುದು ಹೇಗೆ’ ಬದಲು ‘VLOOKUP ತಪ್ಪುತ್ತಿದೆಯೇ?’ ಸಾಕು. ‘ಎಕ್ಸೆಲ್’ ಅಂತ ವಿಡಿಯೋದ ಹೆಸರಿನಲ್ಲೇ ಇರುತ್ತದಲ್ವಾ?

ಕಡುನೀಲಿ ಹಿನ್ನೆಲೆಗೆ ಬಿಳಿ ಅಕ್ಷರ ಹಾಕಿ. ಕೆಂಪಿನ ಮೇಲೆ ಹಸಿರು ಕಣ್ಣಿಗೆ ಹೊಡೆದರೂ ಎರಡರ ಹೊಳಪು ಹತ್ತಿರ ಹತ್ತಿರ ಇದ್ದರೆ ಅಕ್ಷರ ಕರಗಿಬಿಡುತ್ತದೆ. ಚಿತ್ರವನ್ನು ಕಪ್ಪು-ಬಿಳುಪು ಮಾಡಿ, 160 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ನೋಡಿ. ಆಗಲೂ ಓದಲು ಬಂದರೆ ಅಪ್‌ಲೋಡ್ ಮಾಡಿ.