ಬಾಕ್ಸ್ ಪ್ಲಾಟ್: ಉದ್ದ ಭಾಗದಲ್ಲಿ ಜನ ಹೆಚ್ಚಾ?

“ಬಾಕ್ಸ್‌ನ ಬಲಭಾಗ ಉದ್ದ ಇದ್ದರೆ ಅಲ್ಲಿ ಹೆಚ್ಚು ಮಕ್ಕಳಿದ್ದಾರೆ ಅಂತಾನಾ? ದೂರದ ಚುಕ್ಕೆ ಏನು?”

ಇಲ್ಲಪ್ಪ, ಎಲ್ಲರೂ ಎಡವೋದು ಇಲ್ಲೇ. 11 ಮಕ್ಕಳ ಅಂಕ ಹೀಗಿವೆ ಅಂದುಕೋ: 4, 22, 24, 25, 27, 28, 31, 34, 36, 38, 40.

ನಡುವಿನ 28 ಮಧ್ಯಾಂಕ, ಬಾಕ್ಸ್ ಒಳಗಿನ ಗೆರೆ. ಅದರ ಕೆಳಗಿನ ಐದರ ನಡುವಿನದು 24, ಮೇಲಿನ ಐದರ ನಡುವಿನದು 36. ಇವೇ ಕ್ವಾರ್ಟೈಲ್‌ಗಳು, ಬಾಕ್ಸ್‌ನ ಎರಡು ಅಂಚು. ಗೆರೆಯ ಎಡಕ್ಕೆ ಉದ್ದ 4, ಬಲಕ್ಕೆ 8. ಆದರೆ ಒಳಗಿರುವವರು ಎಡಕ್ಕೂ ಇಬ್ಬರೇ (25, 27), ಬಲಕ್ಕೂ ಇಬ್ಬರೇ (31, 34). ಉದ್ದ ಹೇಳೋದು ಅಂಕಗಳು ಎಷ್ಟು ಚದುರಿವೆ ಅಂತ, ತಲೆ ಎಣಿಕೆ ಅಲ್ಲ.

ಚುಕ್ಕೆಗೆ ಬಾ. ಬಾಕ್ಸ್ ಉದ್ದ 12, ಅದರ ಒಂದೂವರೆ ಪಟ್ಟು 18. 24ರಲ್ಲಿ 18 ಕಳೆದರೆ 6. ಅದಕ್ಕಿಂತ ಕಡಿಮೆ ಇರುವ 4 ಔಟ್‌ಲೈಯರ್, ಹಾಗಾಗಿ ಒಂಟಿ ಚುಕ್ಕೆ. ಬಾಕ್ಸ್‌ನಿಂದ ಎಡಕ್ಕೆ ಚಾಚುವ ಗೆರೆ, ಅಂದರೆ ಎಡ ವಿಸ್ಕರ್, 6ಕ್ಕೆ ಹೋಗಲ್ಲ; ಉಳಿದವರಲ್ಲಿ ಕನಿಷ್ಠವಾದ 22ಕ್ಕೇ ನಿಲ್ಲುತ್ತೆ. ಬಲಕ್ಕೆ 40. ಚುಕ್ಕೆ ಕಂಡರೆ ಅಳಿಸಬೇಡ, ಅಂಕ ಬರೆಯುವಾಗ 40 ಹೋಗಿ 4 ಆಗಿದೆಯಾ ಅಂತ ಮೊದಲು ನೋಡು.